ಕಡಲೆ, ಕೊಬ್ಬರಿ, ಎರಡು ಮರ

(ನಮ್ಮ ಮೈಸೂರು ಕಾಲೇಜಿನ ಸಿಎಸ್ ಬ್ಯಾಚ್ ಗುಂಪಿನಲ್ಲಿ ಭಾನುವಾರ ನಡೆದ ಜಗಳ. ಗುಡ್ ಮಾರ್ನಿಂಗ್ ಚಿತ್ರಗಳನ್ನೂ ಎರಡು ಮದುವೆ ಕರೆಯೋಲೆಗಳನ್ನೂ ತೆಗೆದು ಹಾಕಿದ್ದೇನೆ.)

ಪ್ರಕಾಶ: ಇದನ್ನ ನೋಡಿ. ಆಫೀಸಿನ ಹುಡುಗ ಕಳಿಸಿದ ಕಾರ್ಡ್. "ಪದದ ಮೊದಲ ಅಕ್ಷರಗಳಿಂದ ಹುಡುಕಲು ಸರ್ಚ್ ಟ್ರೀ ಕೆಲಸಕ್ಕೆ ಬಾರದು, ಎಲ್ಲಾ ಪದಗಳನ್ನೂ ನೋಡಬೇಕಾಗುತ್ತದೆ. ಟ್ರೈ ಒಂದೇ ದಾರಿ." ಮಹೇಶ, ನಿನ್ನ ಅಂಗಡಿ ಸಾಫ್ಟ್‌ವೇರಿಗೆ ಬೇಕಾಗಿತ್ತಲ್ವಾ?

ಮಹೇಶ: ಈ ಮಾತು ನಂಬಿಯೇ ನಾನು ಕೆಟ್ಟಿದ್ದು ಕಣೋ. ಮಂಡ್ಯದ ದಿನಸಿ ಅಂಗಡಿಗೆ ಬಿಲ್ಲಿಂಗ್ ಬರೆದುಕೊಟ್ಟೆ. ಸುಮಾರು 4,000 ಐಟಂ ಹೆಸರು, ಎಲ್ಲಾ ಕನ್ನಡದಲ್ಲಿ. ಟ್ರೈ ಹಾಕಿದೆ. ಆ ಬಡಪಾಯಿ ಹಳೆ ಟ್ಯಾಬ್‌ನಲ್ಲಿ ಬರೀ ಹೆಸರುಗಳೇ 30 ಎಂಬಿ ತಿಂದವು.

ನಾಗೇಂದ್ರ: ಟ್ರೀನೋ ಟ್ರೈನೋ? ಒಂದು ಸ್ಪೆಲ್ಲಿಂಗ್ ಹೇಳಿ ಮಾರಾಯ್ರೇ.

ಲತಾ: ಇಂಗ್ಲಿಷಿನ ರಿಟ್ರೀವಲ್ ಪದದ ನಡುವಿನಿಂದ ಫ್ರೆಡ್ಕಿನ್ 1960ರಲ್ಲಿ ಎತ್ತಿಕೊಂಡ ಹೆಸರು trie, ಒಂದೊಂದು ಅಕ್ಷರಕ್ಕೆ ಒಂದೊಂದು ಗಂಟು ಇಟ್ಟು ಕಟ್ಟುವ ಮರ. ಅವನ ಬಾಯಲ್ಲಿ ಅದು ಟ್ರೀ ಎಂದೇ. ಇನ್ನೊಂದು ಟ್ರೀ ಮೊದಲೇ ಇತ್ತಲ್ಲ, ಗಲಾಟೆ ಬೇಡ ಎಂದು ಉಳಿದವರು ಟ್ರೈ ಎಂದರು. ನಾಗ, ನಿನ್ನ ಗೊಂದಲಕ್ಕೆ ಅರವತ್ತು ದಾಟಿದೆ.

ಪ್ರಕಾಶ, ಆ ಕಾರ್ಡ್ ತಪ್ಪು. ಸರ್ಚ್ ಟ್ರೀಯಲ್ಲಿ ಪದಗಳು ಕ್ರಮವಾಗಿ ಇರುತ್ತವೆ ಅಲ್ವಾ? ಒಂದೇ ಆರಂಭ ಇರುವ ಪದಗಳು ಆ ಕ್ರಮದಲ್ಲಿ ಅಕ್ಕಪಕ್ಕವೇ ಬರಬೇಕು. ನಡುವೆ ಬೇರೆಯದು ನುಗ್ಗಲು ಜಾಗವೇ ಇಲ್ಲ.

ಪ್ರಕಾಶ: ಸುಮ್ನೆ ಹೇಳಬೇಡ, ತೋರಿಸು.

ಲತಾ: ಮಹೇಶನ ಅಂಗಡಿಯಿಂದಲೇ ಒಂಬತ್ತು ಸಾಮಾನು ತಗೋ. ಯೂನಿಕೋಡ್ ಕ್ರಮದಲ್ಲಿ ಹೀಗೆ ನಿಲ್ಲುತ್ತವೆ: ಅಕ್ಕಿ, ಉದ್ದಿನಬೇಳೆ, ಕಡಲೆಕಾಯಿ, ಕಡಲೆಬೇಳೆ, ಕಡಲೆಹಿಟ್ಟು, ಕಲ್ಲುಪ್ಪು, ಕೊಬ್ಬರಿ, ಗಸಗಸೆ, ಬೆಲ್ಲ.

ಮರದ ಬೇರು ನಡುವಿನ ಕಡಲೆಹಿಟ್ಟು ಆಗಿರಲಿ. ಗಿರಾಕಿ "ಕಡಲೆ" ಎಂದ. ಕಡಲೆ ಎಂಬ ಪದ ಇದ್ದಿದ್ದರೆ ಎಲ್ಲಿ ಕೂರುತ್ತಿತ್ತು ಎಂದು ಹುಡುಕುತ್ತಾ ಇಳಿ. ಕಡಲೆಹಿಟ್ಟು ಅದಕ್ಕಿಂತ ಮುಂದಿನದು, ಎಡಕ್ಕೆ ಹೋಗು. ಅಲ್ಲಿ ಉದ್ದಿನಬೇಳೆ, ಅದು ಹಿಂದಿನದು, ಬಲಕ್ಕೆ ಹೋಗು. ಅಲ್ಲಿ ಕಡಲೆಕಾಯಿ, ಅದು ಮುಂದಿನದು, ಎಡಕ್ಕೆ ಏನೂ ಇಲ್ಲ. ನಿಂತೆ. ಮೂರೇ ಹೋಲಿಕೆ. ಈಗ ಅಲ್ಲಿಂದ ಕ್ರಮವಾಗಿ ಮುಂದೆ ನಡಿ: ಕಡಲೆಕಾಯಿ, ಕಡಲೆಬೇಳೆ, ಕಡಲೆಹಿಟ್ಟು. ಆಮೇಲೆ ಕಲ್ಲುಪ್ಪು ಸಿಕ್ಕಿತು, ಅದು ಕಡಲೆಯಿಂದ ಶುರುವಾಗುವುದಿಲ್ಲ. ಮುಗಿಯಿತು. ಗಸಗಸೆಯನ್ನೂ ಬೆಲ್ಲವನ್ನೂ ಮುಟ್ಟಲೇ ಇಲ್ಲ.

ಸಿ++ ನಲ್ಲಿ ಇಷ್ಟೇ:

```
auto it = names.lower_bound(p);
while (it != names.end() &&
       it->compare(0, p.size(), p) == 0) {
    show(*it);
    ++it;
}
```

`names` ಎಂಬುದು ಮಾಮೂಲಿ `std::set`. ಒಳಗೆ ಸಾಮಾನ್ಯವಾಗಿ ಇರುವುದು ತಾನೇ ತೂಗಿಕೊಳ್ಳುವ ರೆಡ್-ಬ್ಲ್ಯಾಕ್ ಮರ.

ನಾಗೇಂದ್ರ: ಮದ್ದೂರಿನಲ್ಲಿ ನಮ್ಮ ಗದ್ದೆ ಸಾಲು ಹೀಗೇ. ಒಂದೇ ಮನೆತನದವರದು ಒಂದೇ ಕಡೆ. ಮೊದಲ ಬದು ಸಿಕ್ಕರೆ ಸಾಕು.

ಪ್ರಕಾಶ: ಒಪ್ಪಿದೆ, ಆಗುತ್ತದೆ. ಆದರೆ ಟ್ರೈ ವೇಗ ಅಲ್ವಾ? ಅದರಲ್ಲಿ ಎಷ್ಟು ಪದ ಇದ್ದರೂ ಲೆಕ್ಕಕ್ಕಿಲ್ಲ. ಕ, ಡ, ಲ, ಎತ್ವ. ನಾಲ್ಕು ಹೆಜ್ಜೆ ಇಳಿದರೆ ಕಡಲೆ ಕುಟುಂಬದ ಬಾಗಿಲಲ್ಲೇ ನಿಂತಿರುತ್ತೇನೆ.

ಲತಾ: ಅದು ನಿಜ. ಸರ್ಚ್ ಟ್ರೀಯ ದೌರ್ಬಲ್ಯ ಇರುವುದು ಅಲ್ಲೇ. ಮೇಲಿನ ಲೆಕ್ಕದಲ್ಲಿ ನೋಡು, ಕಡಲೆಹಿಟ್ಟಿನ ಜೊತೆ ಹೋಲಿಸುವಾಗ "ಕಡಲೆ" ಪೂರ್ತಿ ಓದಿದೆ, ಕಡಲೆಕಾಯಿ ಜೊತೆ ಮತ್ತೆ ಮೊದಲಿನಿಂದ ಓದಿದೆ. ಪದಗಳ ಆರಂಭ ಉದ್ದವಾಗಿ ಒಂದೇ ಇದ್ದಷ್ಟೂ ಈ ಮರುಓದು ಜಾಸ್ತಿ. ಟ್ರೈ ಪ್ರತಿ ಅಕ್ಷರವನ್ನು ಒಂದೇ ಸಲ ಓದುತ್ತದೆ.

ಮಹೇಶ: ಮೇಡಂ, 4,000 ಹೆಸರಿಗೆ ಮರದ ಆಳ ಎಷ್ಟು? ಸರಿಯಾಗಿ ತೂಗಿದ್ದರೆ 12. ರೆಡ್-ಬ್ಲ್ಯಾಕ್ ತೀರಾ ಕೆಟ್ಟರೂ 24ರ ಆಸುಪಾಸು. ಇಪ್ಪತ್ನಾಲ್ಕು ಸಣ್ಣ ಹೋಲಿಕೆ. ಪಟ್ಟಿಯನ್ನು ಪರದೆ ಮೇಲೆ ಬಿಡಿಸಲು ಅದಕ್ಕಿಂತ ಹೊತ್ತು ಬೇಕು. ಅಂಗಡಿಯವರ ಬೆರಳಿಗೆ ಇದು ಗೊತ್ತೇ ಆಗುವುದಿಲ್ಲ. ಗೊತ್ತಾಗಿದ್ದು ಆ 30 ಎಂಬಿ.

ಪ್ರಕಾಶ: ಅದು ಹೇಗೆ ಬಂತು? ಟ್ರೈನಲ್ಲಿ ಆರಂಭ ಹಂಚಿಕೊಂಡರೆ ಜಾಗ ಉಳಿಯಬೇಕು ತಾನೇ?

ಮಹೇಶ: ನಾನೂ ಹಾಗೇ ಅಂದುಕೊಂಡಿದ್ದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನ ಇವೆ. ಪ್ರತಿ ಗಂಟಿನಲ್ಲೂ 128 ಪಾಯಿಂಟರ್‌ಗಳ ಅರೇ ಇಟ್ಟೆ. ಒಂದು ಪಾಯಿಂಟರ್ 8 ಬೈಟ್, ಗಂಟಿಗೆ 1,024 ಬೈಟ್. ಈಗ ಕಡಲೆಯ ಮೂರು ಹೆಸರು ಎಣಿಸು. "ಕಡಲೆ"ಗೆ 4 ಗಂಟು, ಹಂಚಿಕೊಂಡಿದ್ದು. "ಕಾಯಿ" 4, "ಬೇಳೆ" 4. "ಹಿಟ್ಟು" 6, ಹಲಂತಕ್ಕೂ ಒಂದು ಗಂಟು ಬೇಕಲ್ಲ. ಒಟ್ಟು 18 ಗಂಟು, 18 ಕೆಬಿ. ಆ ಮೂರು ಹೆಸರಿನ ಅಕ್ಷರಗಳು ಸ್ವತಃ ಎಷ್ಟು ಗೊತ್ತಾ? ಯುಟಿಎಫ್-8ರಲ್ಲಿ 78 ಬೈಟ್!

ಬಾಲದ ಗಂಟುಗಳಲ್ಲಿ 128ರಲ್ಲಿ ಒಂದೇ ಒಂದು ಸ್ಥಾನ ತುಂಬಿತ್ತು. ನನ್ನ ಪಟ್ಟಿಯಲ್ಲಿ ಸುಮಾರು 30,000 ಗಂಟು ಆಯಿತು. ಉಳಿದಿದ್ದು ನೀವೇ ಗುಣಿಸಿ.

ನಾಗೇಂದ್ರ: ಒಬ್ಬನೇ ಇರುವ ಮನೆಗೆ 128 ಕೋಣೆ 😂

ಲತಾ: ಅದು ಟ್ರೈ ತಪ್ಪಲ್ಲ, ನೀನು ಕಟ್ಟಿದ ರೀತಿ ತಪ್ಪು. ಮಗು ಒಂದೇ ಇದ್ದಾಗ ಸರಪಳಿಯನ್ನು ಮಡಚಿ ಒಂದೇ ಗಂಟಿನಲ್ಲಿ ಇಡು. "ಕಡಲೆ" ಒಂದು ಗಂಟು, ಅದರ ಕೆಳಗೆ "ಕಾಯಿ", "ಬೇಳೆ", "ಹಿಟ್ಟು". 18 ಹೋಗಿ 4 ಆಯಿತು. ಮಾರಿಸನ್ 1968ರಲ್ಲೇ ಪೆಟ್ರಿಶಿಯಾ ಎಂಬ ಹೆಸರಿನಲ್ಲಿ ಇಂಥದೇ ಮಡಚುವಿಕೆ ತೋರಿಸಿದ್ದಾನೆ. ಹೀಗೆ ಮಡಚಿದರೆ ಗಂಟುಗಳು ಪದಗಳ ಸಂಖ್ಯೆಯ ಎರಡರಷ್ಟನ್ನು ದಾಟುವುದಿಲ್ಲ. ನಿನಗೆ 8,000 ಅಂದುಕೋ. ಮಕ್ಕಳಿಗೆ 128ರ ಅರೇ ಬಿಟ್ಟು, ಇರುವಷ್ಟನ್ನೇ ಸಣ್ಣ ಪಟ್ಟಿ ಮಾಡಿ ಇಡು.

ಮಹೇಶ: ಅಷ್ಟೆಲ್ಲ ಕೋಡ್ ಬರೆಯುವ ಬದಲು ಮೇಲಿನಂಥದೇ ಆರು ಸಾಲು ಹಾಕಿದೆ. ಒಂದೂವರೆ ತಿಂಗಳಿಂದ ಓಡುತ್ತಿದೆ.

ಪ್ರಕಾಶ: ಹಾಗಾದರೆ ಟ್ರೈ ಯಾರಿಗೆ ಬೇಕು?

ಲತಾ: ಈಗ ಸರಿಯಾದ ಪ್ರಶ್ನೆ ಕೇಳಿದೆ. ಗಿರಾಕಿ "ಕ" ಎಂದು ಒಂದೇ ಅಕ್ಷರ ಹೊಡೆದ ಎನ್ನೋಣ. 600 ಹೆಸರು ಇವೆ. ಅಂಗಡಿಯವರಿಗೆ ಬೇಕಾಗಿರುವುದು ಜಾಸ್ತಿ ಮಾರುವ ಐದು. ಸರ್ಚ್ ಟ್ರೀಯಲ್ಲಿ 600ನ್ನೂ ನಡೆದು, ಆರಿಸಿ ಕೊಡಬೇಕು. ಬರೀ ಟ್ರೈ ಹಾಕಿದರೂ ಅದೇ ಕಥೆ. ಬಾಗಿಲಿಗೆ ಬೇಗ ಬಂದೆ, ಆದರೆ ಒಳಗಿನ ಕೊಂಬೆಗಳನ್ನೆಲ್ಲ ಸುತ್ತಬೇಕು. ಅದೂ ಒಂದೊಂದು ಹೆಸರಿಗೆ ನಾಲ್ಕಾರು ಗಂಟು ದಾಟಿಕೊಂಡು. ಇದನ್ನು ಯಾರೂ ಕಾರ್ಡ್‌ನಲ್ಲಿ ಬರೆಯುವುದಿಲ್ಲ.

ಆದರೆ ಟ್ರೈನಲ್ಲಿ ಪ್ರತಿ ಆರಂಭಕ್ಕೂ ಒಂದು ನಿಂತ ಜಾಗ ಇದೆ. "ಕ" ಗಂಟಿನಲ್ಲೇ "ನನ್ನ ಕೆಳಗಿನ ಐದು ದೊಡ್ಡವರು ಇವರು" ಎಂದು ಬರೆದಿಡಬಹುದು. ಆಗ 600 ಇರಲಿ, ಆರು ಲಕ್ಷ ಇರಲಿ, ಒಂದು ಹೆಜ್ಜೆಗೆ ಉತ್ತರ. ಸರ್ಚ್ ಟ್ರೀಯಲ್ಲಿ "ಕ" ಎಂಬ ಆರಂಭಕ್ಕೆ ಹೀಗೆ ಒಂದು ಗಂಟು ಸಿಗುವುದಿಲ್ಲ, ಆ ಹೆಸರುಗಳು ಎಡಬಲ ಕೊಂಬೆಗಳಲ್ಲಿ ಹರಡಿಕೊಂಡಿರುತ್ತವೆ.

ಮಹೇಶ: ಮಾರಾಟ ಬದಲಾದರೆ?

ಲತಾ: ಏರಿದರೆ ಸುಲಭ. ಆ ಪದದ ದಾರಿಯಲ್ಲಿ ಮೇಲೆ ಬರುತ್ತಾ ಪ್ರತಿ ಗಂಟಿನ ಐದರ ಪಟ್ಟಿಗೆ ತೂರಿಸಿ ನೋಡಿದರೆ ಆಯಿತು. ಇಳಿದರೆ ಅಥವಾ ಐಟಂ ತೆಗೆದರೆ ಕಷ್ಟ. ಖಾಲಿಯಾದ ಐದನೇ ಜಾಗಕ್ಕೆ ಆರನೆಯವನು ಯಾರು ಎಂದು ಆ ಗಂಟಿಗೆ ನೆನಪಿಲ್ಲ. ಮಕ್ಕಳ ಪಟ್ಟಿಗಳಿಂದ ಮತ್ತೆ ಕೂಡಿಸಬೇಕು. ಎಷ್ಟೋ ಕಡೆ ದಿನವೆಲ್ಲ ಬಿಟ್ಟು ರಾತ್ರಿ ಒಮ್ಮೆ ಹೊಸದಾಗಿ ಕಟ್ಟಿಬಿಡುತ್ತಾರೆ.

ಮಹೇಶ: ನನ್ನ 600ಕ್ಕೆ ನಡೆದು ಆರಿಸಿದರೇ ಸಾಕು. ನಾನು ಮರ ಬದಲಿಸುವುದಿಲ್ಲ.

ಲತಾ: ಬದಲಿಸು ಎಂದು ಯಾರು ಹೇಳಿದರು? ನಿನ್ನ ಅಂಗಡಿಗೆ ಅದೇ ಸರಿ.

ಮಹೇಶ: ಆದರೆ ಒಂದು ದೂರು ಇದೆ, ಎರಡು ಮರದಲ್ಲೂ ಇತ್ತು. "ಕೊ" ಎಂದು ಹೊಡೆದರೆ ಕೊಬ್ಬರಿ ಬರುವುದಿಲ್ಲ. "ಕೆ" ಹೊಡೆದರೆ ಬರುತ್ತದೆ! ಅಂಗಡಿಯಮ್ಮ ನಗುತ್ತಾರೆ, ನನಗೆ ಅಳು. ಟ್ರೈ ತೆಗೆದರೆ ಹೋಗಬಹುದು ಅಂದುಕೊಂಡಿದ್ದೆ.

ನಾಗೇಂದ್ರ: ಕೆಬ್ಬರಿ 😂😂

ಲತಾ: ಆ ಹೆಸರಿನ ಉದ್ದ ಬೈಟ್‌ನಲ್ಲಿ ಎಣಿಸಿ ಹೇಳು.

ಮಹೇಶ: 24.

ಲತಾ: 21 ಇರಬೇಕಿತ್ತು. ಸಿಕ್ಕಿತು ಬಿಡು. ಒತ್ವವನ್ನು ಎರಡು ರೀತಿ ಬರೆಯಬಹುದು. ಒಂದೇ ಚಿಹ್ನೆ, U+0CCA. ಇಲ್ಲವೇ ಎತ್ವ U+0CC6, ಅದರ ನಂತರ U+0CC2 ದೀರ್ಘ ಉಕಾರ. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ನಿನ್ನ ಪಟ್ಟಿಯ ಕೊಬ್ಬರಿ ಒಡೆದ ರೂಪದಲ್ಲಿದೆ. ಹಾಗಾಗಿ ಅದರ ಮೊದಲ ಎರಡು ಚಿಹ್ನೆ ನಿಜವಾಗಿಯೂ "ಕೆ". ಮರಗಳು ತಮ್ಮ ಕೆಲಸ ಸರಿಯಾಗಿಯೇ ಮಾಡಿವೆ.

ಮಹೇಶ: ಅಯ್ಯೋ. ಸಗಟು ವ್ಯಾಪಾರಿಯ ಫೈಲಿನಿಂದ ಎತ್ತಿದ ಹೆಸರುಗಳು ಅವು.

ಲತಾ: ಒಳಗೆ ಹಾಕುವಾಗಲೂ ಹುಡುಕುವಾಗಲೂ ಕೂಡಿದ ರೂಪವಾದ ಎನ್‌ಎಫ್‌ಸಿಗೆ ತಿರುಗಿಸು. ಎರಡೂ ಕಡೆ ಒಡೆದ ರೂಪವಾದ ಎನ್‌ಎಫ್‌ಡಿ ಮಾಡಿ ಬಚಾವಾಗುತ್ತೇನೆ ಅಂದುಕೊಳ್ಳಬೇಡ. ಆಗ "ಕೊ" ಸಿಗುತ್ತದೆ, ಆದರೆ "ಕೆ" ಹೊಡೆದವರಿಗೂ ಕೊಬ್ಬರಿ ತಪ್ಪುವುದಿಲ್ಲ.

(ಸಂಜೆ 6ಕ್ಕೆ)

ಮಹೇಶ: ಮಾಡಿದೆ, "ಕೊ" ಬಂತು. ಈಗ ಹೊಸ ತಲೆನೋವು. ಎನ್‌ಎಫ್‌ಸಿ ಆದ ಮೇಲೆ 4,000ದಲ್ಲಿ 11 ಹೆಸರು ಕಡಿಮೆಯಾದವು. ಅವು ಎರಡೆರಡು ಸಲ ಇದ್ದವಂತೆ, ಒಂದು ಒಡೆದದ್ದು, ಒಂದು ಅಂಗಡಿಯಮ್ಮ ಕೈಯಾರೆ ಸೇರಿಸಿದ್ದು. ಸ್ಟಾಕ್ ಎರಡು ಕಡೆ ಹಂಚಿಹೋಗಿದೆ. ನಾಳೆ ಬೆಳಗ್ಗೆ ಮಂಡ್ಯಕ್ಕೆ ಹೋಗಿ ಚೀಲ ಎಣಿಸಬೇಕು. ನಾಗ, ದಾರಿಯಲ್ಲಿ ನಿನ್ನ ಮದ್ದೂರು ವಡೆ ತರ್ತೀಯಾ?

ನಾಗೇಂದ್ರ: ವಡೆ ತರುತ್ತೇನೆ. ಚೀಲ ಎತ್ತೋದು ನಿನ್ನದೇ.