ಪದಚರ್ಚೆ: ‘ಕ್ಯಾಬರೆ ಸೀಟಿಂಗ್’, ‘ಸೆಟಪ್ ಟೈಮ್’ – ಕನ್ನಡದಲ್ಲಿ ಏನಂತ ಬರೆಯೋದು?

ಶೈಲಾ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಸಂಜೆ 5ರೊಳಗೆ ಒಂದು ಇಮೇಲ್ ಹೋಗಬೇಕು, ಅದಕ್ಕೇ ಅವಸರ. ಶಿಕ್ಷಕರಿಗೆ ಒಂದು ದಿನದ ಕಾರ್ಯಾಗಾರ ಇದೆ. ಇಲ್ಲಿನ ಒಂದು ಟ್ರಸ್ಟಿನ ಸಭಾಭವನ ಕೇಳಬೇಕು. ಕರಡು ಮುಂಬೈ ಕಚೇರಿಯಿಂದ ಇಂಗ್ಲಿಷಿನಲ್ಲಿ ಬಂದಿದೆ. ಟ್ರಸ್ಟಿನವರು ಕನ್ನಡದಲ್ಲೇ ಕಳಿಸಿ ಅಂದಿದ್ದಾರೆ.

ಅದರಲ್ಲಿರೋದು ಇಷ್ಟು: ಹೆಡ್‌ಕೌಂಟ್ 60, ಸೀಟಿಂಗ್ ಕ್ಯಾಬರೆ ಸ್ಟೈಲ್, ಒಂದು ಪ್ರೊಜೆಕ್ಟರ್, ಎರಡು ಕಾರ್ಡ್‌ಲೆಸ್ ಮೈಕ್, ಸೆಟಪ್ ಟೈಮ್ ಎರಡು ಗಂಟೆ. ಮೈಕು, ಪ್ರೊಜೆಕ್ಟರ್ ಹಾಗೇ ಇರಲಿ. ‘ಜನಸಂಖ್ಯೆ 60’ ಅಂದರೆ ಗಣತಿ ಮಾಡಿದ ಹಾಗಾಗುತ್ತೆ. ಇನ್ನು ಆ ಟ್ರಸ್ಟಿನ ಹಿರಿಯರಿಗೆ ‘ಕ್ಯಾಬರೆ’ ಅಂತ ಬರೆದರೆ ಹಾಲ್ ಸಿಗೋದು ಹಾಗಿರಲಿ, ಶಿಕ್ಷಕರ ಮರ್ಯಾದೆಯೂ ಹೋಗುತ್ತೆ! ಏನು ಬರೆಯಲಿ?

ರೇಣುಕಾ, ಇಳಕಲ್

ಇದಕ್ಕೆ ಇಷ್ಟು ಯೋಚನೆ ಯಾಕೆ ಅಕ್ಕಾ? ‘ಬೈಠಕ್ ವ್ಯವಸ್ಥೆ’ ಅಂತ ಬರೆಯಿರಿ. ನಮ್ಮ ಕಡೆ ಎಲ್ಲರಿಗೂ ತಿಳಿಯುತ್ತೆ. ಮೊನ್ನೆ ನಮ್ಮ ಸಂಘದ ಭಜನೆಗೆ ಹಾಗೇ ಬರೆದು ಕೇಳಿದ್ವಿ. ಬಹಳ ಚಂದ ಮಾಡಿಕೊಟ್ರು.

ಗುರುಪಾದಪ್ಪ, ವಿಜಯಪುರ

ಬೈಠಕ್ ಬೇಡ. ಕೂರು, ಕುಳಿತು, ಕೂಟ ಎಲ್ಲ ಕನ್ನಡದಲ್ಲೇ ಇರುವಾಗ ಅದೇಕೆ? ಕೂಟ ಅನ್ನುವುದೂ ಕೂರು ಎಂಬುದರಿಂದಲೇ ಬಂದದ್ದು. ‘ಕೂಟಮೇಜು’ ಅನ್ನಿ. ಹೆಡ್‌ಕೌಂಟಿಗೆ ‘ತಲೆಯೆಣಿಕೆ’. ಸೆಟಪ್ ಟೈಮಿಗೆ ‘ಅಣಿಹೊತ್ತು’. ಮೂರೂ ಆಯಿತು.

ಮಲ್ಲಿಕಾರ್ಜುನ, ಬಾಗಲಕೋಟೆ

ಕೂಟ ಬಂದದ್ದು ಕೂಡು ಎಂಬುದರಿಂದ, ಕೂರು ಎಂಬುದರಿಂದ ಅಲ್ಲ. ಅದಿರಲಿ. ನಾನು ಬಹಳ ವರ್ಷ ಒಂದು ಸಭಾಭವನದ ವ್ಯವಸ್ಥೆ ನೋಡಿಕೊಂಡವನು. ಇಂಥ ಪತ್ರ ಓದಿ ಖುರ್ಚಿ ಹಾಕಿಸುವ ಕೆಲಸ ನನ್ನದೇ ಇತ್ತು.

‘ಬೈಠಕ್’ ಅಂತ ಬರೆದರೆ ನಿಮ್ಮ ಶಿಕ್ಷಕರಿಗೆ ಗಾದಿ, ಲೋಡು ಹಾಕಿರ್ತಾರೆ. ಭಜನೆಗೆ ಅದು ಸರಿ. ‘ಕೂಟಮೇಜು’ ಅಂತ ಬರೆದರೆ ಫೋನ್ ಮಾಡಿ ಹಾಗಂದರೇನು ಅಂತ ಕೇಳ್ತಾರೆ. ಫೋನ್ ಮಾಡಿದರೆ ನಿಮ್ಮ ಪುಣ್ಯ. ಎಷ್ಟೋ ಸಲ ಕೇಳುವುದೇ ಇಲ್ಲ, ತಮಗೆ ತೋಚಿದ್ದು ಹಾಕಿಬಿಡ್ತಾರೆ.

ಕ್ಯಾಬರೆ ಅಂದರೆ ದುಂಡು ಟೇಬಲ್ಲಿನ ಸುತ್ತ ಪೂರ್ತಿ ಖುರ್ಚಿ ಇಡದೆ ವೇದಿಕೆ ಕಡೆಯ ಭಾಗ ಖಾಲಿ ಬಿಡೋದು. ಆಗ ಯಾರೂ ಪರದೆಗೆ ಬೆನ್ನು ಹಾಕಿ ಕೂರುವುದಿಲ್ಲ. 5 ಅಡಿಯ ದುಂಡು ಟೇಬಲ್ಲಿಗೆ ಊಟಕ್ಕಾದರೆ 8 ಖುರ್ಚಿ ಬರುತ್ತೆ. ಈ ರೀತಿಗೆ 6 ಸಾಕು. ‘ದುಂಡು ಟೇಬಲ್ ವ್ಯವಸ್ಥೆ’ ಅಂತಷ್ಟೇ ಬರೆದರೆ ಹುಡುಗರು ರೂಢಿಯಂತೆ ಸುತ್ತಲೂ 8 ಹಾಕ್ತಾರೆ. ಬೆಳಿಗ್ಗೆ ಹೋಗಿ ನೋಡಿದಾಗಲೇ ನಿಮಗೆ ಗೊತ್ತಾಗೋದು.

ಆದ್ದರಿಂದ ರೀತಿಗೊಂದು ಹೆಸರು ಹುಡುಕಬೇಡಿ. ಟೇಬಲ್ ಎಷ್ಟು, ಒಂದಕ್ಕೆ ಖುರ್ಚಿ ಎಷ್ಟು, ಯಾವ ಕಡೆ ಖಾಲಿ, ಇಷ್ಟು ಬರೆಯಿರಿ. ಹಾಲಿನಲ್ಲಿ ದುಂಡು ಟೇಬಲ್ ಇದೆಯಾ ಅಂತಲೂ ಕೇಳಿ. ನಮ್ಮ ಕಡೆ ಜಾಸ್ತಿ ಇರೋದು ಊಟದ ಉದ್ದ ಟೇಬಲ್ಲೇ. ಹಾಗಿದ್ದರೆ ಎರಡೆರಡು ಜೋಡಿಸಿ ಚೌಕ ಮಾಡಿ, ಮೂರು ಬದಿಗೆ ಎರಡೆರಡು ಖುರ್ಚಿ ಹಾಕಿದರೆ ಆಯ್ತು.

ಜಾಗದ ಮಾತೂ ಇದೆ. ‘200 ಜನರ ಹಾಲ್’ ಅನ್ನೋದು ಸಾಲು ಖುರ್ಚಿಯ ಲೆಕ್ಕ. ಟೇಬಲ್ ಬಂದ ಕೂಡಲೇ ಅದು ಅರ್ಧಕ್ಕಿಂತ ಕೆಳಗೆ ಇಳಿಯುತ್ತೆ. ಒಂದು ಟೇಬಲ್ಲಿನ ನಡುವಿನಿಂದ ಮುಂದಿನದರ ನಡುವಿಗೆ ಸುಮಾರು 10 ಅಡಿ ಬೇಕು. ಇಲ್ಲದಿದ್ದರೆ ಚಹಾ ಕೊಡುವವನು ಒಳಗೆ ಹೋಗಲಾರ.

ಮತ್ತೆ ಆ 60ರಲ್ಲಿ ತರಬೇತಿ ಕೊಡುವವರೂ ಸೇರಿದ್ದಾರಾ?

ಶೈಲಾ, ಬೆಳಗಾವಿ

ಹೌದು ಸರ್, ಸೇರಿದ್ದಾರೆ. ಶಿಕ್ಷಕರು 54, ತರಬೇತುದಾರರು 6. ತರಬೇತುದಾರರು ಟೇಬಲ್ಲಿಗೆ ಕೂರುವುದಿಲ್ಲ, ಓಡಾಡ್ತಾ ಇರ್ತಾರೆ.

ಮಲ್ಲಿಕಾರ್ಜುನ, ಬಾಗಲಕೋಟೆ

ಹಾಗಾದರೆ ಟೇಬಲ್ 9 ಸಾಕು, 10 ಬೇಡ. 6 ಖುರ್ಚಿ ಗೋಡೆ ಪಕ್ಕ ಇರಲಿ. ಊಟಕ್ಕೆ ಮಾತ್ರ 60. ‘ಹೆಡ್‌ಕೌಂಟ್’ ಅಂತ ಒಂದೇ ಅಂಕಿ ಕೊಟ್ಟರೆ ಇದ್ಯಾವುದೂ ತಿಳಿಯೋದಿಲ್ಲ ನೋಡಿ.

ಇನ್ನು ‘ಸೆಟಪ್ ಟೈಮ್ 2 ಗಂಟೆ’. ಅದಕ್ಕೆ ಅಣಿಹೊತ್ತು ಅನ್ನಿ, ಸಿದ್ಧತಾ ಸಮಯ ಅನ್ನಿ, ‘2 ಗಂಟೆ’ ಅಂದರೆ ಓದುವವರು ಮಧ್ಯಾಹ್ನ 2 ಅಂತ ತಿಳಿಯಬಹುದು. ಕನ್ನಡದಲ್ಲಿ ಎರಡಕ್ಕೂ ಅದೇ ಮಾತು. ಗಡಿಯಾರದ ಹೊತ್ತನ್ನೇ ಬರೆಯಿರಿ: ಬೀಗ ಯಾವಾಗ ತೆಗೀಬೇಕು, ಟೇಬಲ್ ಹಾಕಿ ಯಾವಾಗ ಮುಗಿದಿರಬೇಕು, ಮೈಕ್ ಪರೀಕ್ಷೆ ಯಾವಾಗ. ಟೇಬಲ್ ಹಾಕುವವರು ಅವರೋ ನೀವೋ ಅನ್ನೋದೂ ಅದರಲ್ಲಿ ಬರಲಿ. ಬಾಡಿಗೆ ಬೀಗ ತೆಗೆದಾಗಿನಿಂದ ಶುರುವೋ, ಕಾರ್ಯಕ್ರಮ ಶುರುವಾದಾಗಿನಿಂದಲೋ, ಅದನ್ನೂ ಕೇಳಿ.

ಗುರುಪಾದಪ್ಪ, ವಿಜಯಪುರ

ವ್ಯವಸ್ಥೆ ಪಾಠ ಆಯಿತು. ಇದು ಪದಚರ್ಚೆ. ಮಲ್ಲಿಕಾರ್ಜುನ ಅವರು ಪ್ರತಿ ಸಾಲಿಗೂ ‘ಖುರ್ಚಿ’ ಬರೆದಿದ್ದಾರೆ. ಆ ‘ಖ’ ಮರಾಠಿಯದು. ಕನ್ನಡಕ್ಕೆ ಕುರ್ಚಿ. ಇಮೇಲಿನಲ್ಲಾದರೂ ಅದು ಸರಿಯಿರಲಿ.

ರೇಣುಕಾ, ಇಳಕಲ್

ಸರ್, ಎರಡೂ ಅರಬ್ಬಿಯ ಕುರ್ಸಿಯಿಂದಲೇ ಬಂದವು ಅಲ್ವಾ? ‘ಖ’ ತೆಗೆದ ಕೂಡಲೇ ಅದು ನಮ್ಮದಾಗುತ್ತಾ? ನೀವು ಹೇಳಿದ ಕೂಟಮೇಜಿನಲ್ಲಿರೋ ಮೇಜು ಎಲ್ಲಿಯದು?

ಗುರುಪಾದಪ್ಪ, ವಿಜಯಪುರ

ಮೇಜು ಪೋರ್ಚುಗೀಸರ ಮೇಸಾ. ಬಂದು ಒಗ್ಗಿದೆ. ಒಗ್ಗಿದ್ದು ಬೇರೆ, ಈಗ ತಂದು ಸುರಿಯುವುದು ಬೇರೆ.

ಮಲ್ಲಿಕಾರ್ಜುನ, ಬಾಗಲಕೋಟೆ

ಫಾರಸಿಯಲ್ಲೂ ಮೇಜ್ ಇದೆ ಸರ್. ಆದಿಲ್‌ಶಾಹಿಯ ಊರಲ್ಲಿ ಕೂತು ಪೋರ್ಚುಗೀಸರಿಗೇ ಪಟ್ಟ ಕಟ್ಟಿದಿರಲ್ಲ! ನಮ್ಮ ಮೂರೂ ಜಿಲ್ಲೆಗಳ ಸೀಮೆ 1956ರವರೆಗೆ ಮುಂಬೈಗೆ ಸೇರಿತ್ತು. ಖುರ್ಚಿ ಇಲ್ಲಿ ಒಗ್ಗಿದೆಯೋ ಇಲ್ಲವೋ ಅಂತ ಬೆಂಗಳೂರಿನ ನಿಘಂಟು ನೋಡಿ ಹೇಳೋಕಾಗಲ್ಲ.

ಗುರುಪಾದಪ್ಪ, ವಿಜಯಪುರ

ರೂಢಿಯಲ್ಲಿದೆ ಎಂದ ಮಾತ್ರಕ್ಕೆ ಶುದ್ಧವಾಗುವುದಿಲ್ಲ. ಹಾಗೆ ನೋಡಿದರೆ ಕ್ಯಾಬರೆಯೂ ನಾಳೆ ರೂಢಿಗೆ ಬರುತ್ತದೆ.

ಶೈಲಾ, ಬೆಳಗಾವಿ

ಇಬ್ಬರಿಗೂ ಕೈಮುಗಿದೆ, 4.20 ಆಯ್ತು. ಹೀಗೆ ಬರೆದಿದ್ದೀನಿ, ನೋಡಿ:

“ಮಾನ್ಯರೇ, ಮುಂದಿನ ಶನಿವಾರದ ಶಿಕ್ಷಕರ ಕಾರ್ಯಾಗಾರಕ್ಕೆ ತಮ್ಮ ಸಭಾಭವನ ಬೇಕಾಗಿದೆ. ಒಟ್ಟು 60 ಜನ: ಶಿಕ್ಷಕರು 54, ತರಬೇತುದಾರರು 6. ಊಟ 60 ಜನರಿಗೆ. ದಯವಿಟ್ಟು 9 ದುಂಡು ಟೇಬಲ್ ಹಾಕಿಸಿ, ಒಂದೊಂದಕ್ಕೆ 6 ಕುರ್ಚಿ ಇಡಿಸಬೇಕು. ವೇದಿಕೆ ಕಡೆಯ ಭಾಗ ಖಾಲಿ ಇರಲಿ. ಗೋಡೆ ಪಕ್ಕ ಬೇರೆ 6 ಕುರ್ಚಿ ಬೇಕು. ದುಂಡು ಟೇಬಲ್ ಇಲ್ಲದಿದ್ದರೆ ಈಗಲೇ ತಿಳಿಸಿ. ಪ್ರೊಜೆಕ್ಟರ್, ಪರದೆ, 2 ಕಾರ್ಡ್‌ಲೆಸ್ ಮೈಕ್ ಬೇಕು. ಬೆಳಿಗ್ಗೆ 7.30ಕ್ಕೆ ಬಾಗಿಲು ತೆರೆದು, 8.30ರೊಳಗೆ ತಮ್ಮ ಸಿಬ್ಬಂದಿ ಟೇಬಲ್ ಹಾಕಿ ಮುಗಿಸಬೇಕು. 9ಕ್ಕೆ ಮೈಕ್ ಪರೀಕ್ಷೆ, 9.30ಕ್ಕೆ ಕಾರ್ಯಕ್ರಮ. ಬಾಡಿಗೆ ಯಾವ ಹೊತ್ತಿನಿಂದ ಲೆಕ್ಕ ಎಂಬುದನ್ನೂ ತಿಳಿಸಿ.”

‘ಕುರ್ಚಿ’ ಅಂತಲೇ ಹಾಕಿದ್ದೀನಿ ಸರ್, ಜಗಳ ಬೇಡ.

ಮಲ್ಲಿಕಾರ್ಜುನ, ಬಾಗಲಕೋಟೆ

ಎರಡು ಮಾತು ಸೇರಿಸಿ. ‘ಮುಂದಿನ ಶನಿವಾರ’ ಅನ್ನಬೇಡಿ, ತಾರೀಖು ಹಾಕಿ. ಕರೆಂಟ್ ಹೋದಾಗ ಜನರೇಟರ್ ಮೇಲೆ ಪ್ರೊಜೆಕ್ಟರ್, ಮೈಕ್ ನಡೆಯುತ್ತಾ ಅಂತ ಕೇಳಿ. ಬರೀ ‘ಜನರೇಟರ್ ಇದೆಯಾ’ ಅಂದರೆ ಇದೆ ಅಂತಾರೆ. ಎಷ್ಟೋ ಕಡೆ ಅದರ ಮೇಲೆ ಇರೋದು ದೀಪ, ಫ್ಯಾನ್ ಅಷ್ಟೇ.

ಗುರುಪಾದಪ್ಪ, ವಿಜಯಪುರ

‘ತರಬೇತುದಾರ’ ಬೇಡ. ‘ದಾರ’ ಫಾರಸಿ.

ರೇಣುಕಾ, ಇಳಕಲ್

ಶೈಲಕ್ಕಾ, ಆ ಹಾಲಿನ ಬಾಡಿಗೆ ಎಷ್ಟಂತೆ? ನಮ್ಮ ಸಂಘದ್ದೂ ಒಂದು ಕಾರ್ಯಕ್ರಮ ಇದೆ.