ಪದಚರ್ಚೆ: ಪ್ಲಂಬರ್ ಸರಿಯೋ, ಪ್ಲಮರ್ ಸರಿಯೋ?

ಬಾಗಲಕೋಟೆಯಿಂದ ಪ್ರಶ್ನೆ

ಎಲ್ಲರಿಗೂ ಶರಣು. ಐಟಿಐ ಹುಡುಗರಿಗಾಗಿ ಇಂಗ್ಲಿಷ್ ಪದಪಟ್ಟಿ ಸಿದ್ಧವಾಗುತ್ತಿದೆ. ಎಡಕ್ಕೆ ಸ್ಪೆಲಿಂಗ್, ನಡುವೆ ಕನ್ನಡ ಲಿಪಿಯಲ್ಲಿ ಉಚ್ಚಾರ, ಬಲಕ್ಕೆ ಅರ್ಥ. ಪಿ-ಎಲ್-ಯು-ಎಂ-ಬಿ-ಇ-ಆರ್ ಮುಂದೆ ‘ಪ್ಲಂಬರ್’ ಎಂದಿತ್ತು. ಕರಡು ತಿದ್ದಿದವರು ‘ಬಿ ಉಚ್ಚಾರವಾಗುವುದಿಲ್ಲ, ಪ್ಲಮರ್ ಮಾಡಿ’ ಎಂದು ಬರೆದಿದ್ದಾರೆ. ಹಾಗಿದ್ದರೆ ನಂಬರ್, ಟಿಂಬರ್, ಚೇಂಬರ್‌ಗಳಲ್ಲೂ ಬಿ ತೆಗೆಯಬೇಕೇ? ಬಾಂಬ್ ‘ಬಾಮ್’ ಆಗಬೇಕೇ? ಹುಡುಗರಿಗೆ ಹೇಳಿಕೊಡಬಹುದಾದ ನಿಯಮ ಇದ್ದರೆ ತಿಳಿಸಿ.

ವಿಜಯಪುರದಿಂದ

ನಿಯಮ ಸರಳವಿದೆ ಸರ್. ಪದದ ಕೊನೆಗೆ ಎಂ ಆದ ಮೇಲೆ ಬಿ ಬಂದರೆ ಅದು ಮೌನ. ಬಾಚಣಿಗೆಗೆ ಕೋಮ್, ಕುರಿಮರಿಗೆ ಲ್ಯಾಮ್, ಹೆಬ್ಬೆರಳಿಗೆ ಥಮ್, ಹತ್ತುವುದಕ್ಕೆ ಕ್ಲೈಮ್. ಪದದ ನಡುವೆ ಬಂದರೆ ಬಿ ಕೇಳಿಸುತ್ತದೆ: ನಂಬರ್, ಟಿಂಬರ್, ಚೇಂಬರ್. ಪ್ಲಂಬರ್‌ನಲ್ಲೂ ಬಿ ನಡುವೆಯೇ ಇದೆ. ಆದ್ದರಿಂದ ನೀವು ಮೊದಲು ಬರೆದದ್ದೇ ಸರಿ.

ಬೆಳಗಾವಿಯಿಂದ

ಮೇಲಿನವರು ಹೇಳಿದ ಅರ್ಧ ನಿಜ. ಕೊನೆಯ ಬಿ ಮೌನ ಎಂಬುದು ಸರಿ, ನಡುವಿನ ಬಿ ಯಾವಾಗಲೂ ಕೇಳಿಸುತ್ತದೆ ಎಂಬುದು ತಪ್ಪು. ಕ್ಲೈಮ್ ಎಂಬ ಪದಕ್ಕೆ ಐ-ಎನ್-ಜಿ ಸೇರಿಸಿದಾಗ ಬಿ ನಡುವೆ ಬರುತ್ತದೆ, ಆದರೂ ಇಂಗ್ಲಿಷರು ‘ಕ್ಲೈಮಿಂಗ್’ ಎನ್ನುತ್ತಾರೆಯೇ ಹೊರತು ‘ಕ್ಲೈಂಬಿಂಗ್’ ಎನ್ನುವುದಿಲ್ಲ. ಬಾಂಬು ಹಾಕುವ ವಿಮಾನ ‘ಬಾಮರ್’. ಮೂಲಪದದಲ್ಲಿ ಬಿ ಸತ್ತಿದ್ದರೆ ಅದಕ್ಕೆ ಇ-ಆರ್, ಐ-ಎನ್-ಜಿ, ಇ-ಡಿ ಯಾವುದೇ ಬಾಲ ಹಚ್ಚಿದರೂ ಅದು ಜೀವ ಪಡೆಯುವುದಿಲ್ಲ. ಟಿಂಬರ್, ಚೇಂಬರ್‌ಗಳಲ್ಲಿ ಇ-ಆರ್ ಬಾಲವಲ್ಲ, ಪದದ ಮೈಯೇ ಅದು. ಹಾಗಾಗಿ ಅಲ್ಲಿ ಬಿ ಉಳಿದಿದೆ.

ಇದನ್ನು ತೋರಿಸಲು ಒಂದೇ ಸ್ಪೆಲಿಂಗ್ ಸಾಕು: ಎನ್-ಯು-ಎಂ-ಬಿ-ಇ-ಆರ್. ಸಂಖ್ಯೆ ಎಂಬ ಅರ್ಥದಲ್ಲಿ ‘ನಂಬರ್’. ‘ಇನ್ನಷ್ಟು ಜೋಮು ಹಿಡಿದ’ ಎಂಬ ಅರ್ಥದಲ್ಲಿ, ಅಂದರೆ ‘ನಮ್’ ಎಂಬ ಪದಕ್ಕೆ ಇ-ಆರ್ ಸೇರಿದಾಗ, ‘ನಮರ್’. ಕಾಗದದ ಮೇಲೆ ಎರಡಕ್ಕೂ ಒಂದೇ ರೂಪ. ಕನ್ನಡ ಲಿಪಿಗೆ ಇಳಿಸಿದ ಕೂಡಲೇ ಎರಡು ಪದ ಬೇರೆಬೇರೆಯಾಗಿ ಕಾಣುತ್ತವೆ.

ಪ್ಲಮರ್ ಮಾತ್ರ ಸ್ವಲ್ಪ ತೊಡಕಿನದು, ಯಾಕೆಂದರೆ ‘ಪ್ಲಮ್’ ಎಂಬ ಮೂಲಪದ ಹುಡುಗರಿಗೆ ಗೊತ್ತಿರುವುದಿಲ್ಲ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗೌಂಡಿಗಳು ಇಳಿಬಿಡುವ ತೂಗುಗುಂಡು ಇದೆಯಲ್ಲ, ಅದೇ ‘ಪ್ಲಮ್ ಬಾಬ್’. ಸ್ಪೆಲಿಂಗ್ ಪಿ-ಎಲ್-ಯು-ಎಂ-ಬಿ. ಲ್ಯಾಟಿನ್‌ನಲ್ಲಿ ಸೀಸಕ್ಕೆ ‘ಪ್ಲುಂಬುಮ್’ ಎಂದು ಹೆಸರು, ರಸಾಯನಶಾಸ್ತ್ರದಲ್ಲಿ ಸೀಸದ ಚಿಹ್ನೆ Pb ಆದದ್ದೂ ಅದರಿಂದಲೇ. ಹಳೆಯ ಕಾಲದಲ್ಲಿ ನೀರಿನ ಕೊಳವೆಗಳು ಸೀಸದವು, ಆ ಕೆಲಸದವನು ಪ್ಲಮರ್. ಐಟಿಐ ಹುಡುಗರಿಗೆ Pb ಗೊತ್ತಿರುತ್ತದೆ, ಆ ಬಿ ಎಲ್ಲಿಂದ ಬಂತೆಂದು ಹೇಳಿದರೆ ಸ್ಪೆಲಿಂಗ್ ಮರೆಯುವುದಿಲ್ಲ.

ವಿಜಯಪುರ ಜಿಲ್ಲೆಯಿಂದ ಇನ್ನೊಬ್ಬರು

ನಮ್ಮ ಅಂಗಡಿ ಬೋರ್ಡಿನ ಮ್ಯಾಲೆ ‘ಪ್ಲಂಬಿಂಗ್ ಸಾಮಾನು ಸಿಗ್ತಾವ’ ಅಂತ ಬರಸೇವ್ರಿ. ಈಗ ಅದನ್ನ ‘ಪ್ಲಮಿಂಗ್’ ಮಾಡಬೇಕೇನ್ರಿ? ಹಂಗ ಬರದ್ರ ಗಿರಾಕಿಗೆ ಏನೂ ತಿಳಿಯೂದಿಲ್ಲ. ಇಲ್ಲಿ ಎಲ್ಲಾರೂ ಪ್ಲಂಬರ ಅಂತನ ಕರೀತಾರ. ಬೆಳಗಾವಿ ಸರ್ ಹೇಳಿದ್ದು ನನಗ ಸರಿ ಅನಿಸ್ಲಿಲ್ಲ.

ಬೆಳಗಾವಿಯಿಂದ

ಬೋರ್ಡು ಹಾಗೇ ಇರಲಿ ಅಣ್ಣಾರ, ಒಂದಕ್ಷರವನ್ನೂ ಬದಲಿಸಬೇಡಿ. ಪ್ಲಂಬರ್, ಬಾಂಬು ಇವು ಕನ್ನಡಕ್ಕೆ ಬಂದು ಕೂತ ಪದಗಳು. ಅವಕ್ಕೆ ಕನ್ನಡದ ಉಚ್ಚಾರವೇ ಪ್ರಮಾಣ. ಕಂಬ, ತುಂಬ, ನಂಬು ಎನ್ನುವ ನಾಲಿಗೆಗೆ ‘ಂಬ’ ಸಲೀಸು. ಜೊತೆಗೆ ನಮ್ಮಲ್ಲಿ ಬಾಂಬು, ಬಾಂಬಿಗೆ, ಬಾಂಬಿನ ಎಂದು ಬ-ಕಾರದ ನಂತರ ಸ್ವರ ಬರುತ್ತದೆ, ಅದಕ್ಕೆ ನಿಲ್ಲಲು ಜಾಗ ಸಿಗುತ್ತದೆ. ಇಂಗ್ಲಿಷಿನಲ್ಲಿ ಪದದ ತುದಿಯಲ್ಲಿ ಸ್ವರವಿಲ್ಲದೆ ಉಳಿದ ಬಿ ಬಿದ್ದುಹೋಯಿತು. ಪ್ರಶ್ನೆ ಕೇಳಿದವರ ನಡುವಿನ ಕಾಲಮ್ಮು ಇಂಗ್ಲಿಷರ ಉಚ್ಚಾರ ಕಲಿಸಲು ಇರುವುದರಿಂದ ಅಲ್ಲಿ ಪ್ಲಮರ್. ಅರ್ಥದ ಕಾಲಮ್ಮಿನಲ್ಲಿ ‘ಪ್ಲಂಬರ್, ನಳ ಜೋಡಿಸುವವನು’ ಎಂದೇ ಬರೆಯಬಹುದು.

ಇನ್ನೊಂದು ಮಾತು. ಮೌನವಾದ ಬಿಗಳೆಲ್ಲ ಒಂದು ಕಾಲಕ್ಕೆ ಕೇಳಿಸುತ್ತಿದ್ದವು ಎಂದುಕೊಳ್ಳಬಾರದು. ಲ್ಯಾಮ್, ಕ್ಲೈಮ್ ಪದಗಳಲ್ಲಿ ಹಳೆಯ ಇಂಗ್ಲಿಷಿನಲ್ಲೇ ಬಿ ಇತ್ತು. ಥಮ್, ಕೈಕಾಲಿನ ‘ಲಿಮ್’, ಬ್ರೆಡ್ಡಿನ ಚೂರಿನ ‘ಕ್ರಮ್’ ಪದಗಳಲ್ಲಿ ಇರಲೇ ಇಲ್ಲ, ಆಮೇಲೆ ಸೇರಿತು. ಸಾಲದ ‘ಡೆಟ್’ನಲ್ಲಿರುವ ಬಿಯ ಕತೆಯೇ ಬೇರೆ. ಆ ಪದ ಫ್ರೆಂಚಿನಿಂದ ಬಿ ಇಲ್ಲದೆ ಬಂದಿತ್ತು, ಲ್ಯಾಟಿನ್ ಮೂಲ ತೋರಿಸಲೆಂದು ಪಂಡಿತರು ಬಿ ಸೇರಿಸಿದರು. ಅದನ್ನು ಈ ನಿಯಮದಡಿ ತರಬೇಡಿ.

ಬಾಗಲಕೋಟೆಯಿಂದ

ತುಂಬಾ ಉಪಕಾರ ಸರ್. ಪಟ್ಟಿ ದೊಡ್ಡದಿದೆ. ಇಂಥ ಪದಗಳನ್ನು ಒಂದೊಂದಾಗಿ ನೋಡದೆ ಒಟ್ಟಿಗೆ ಹಿಡಿಯುವ ದಾರಿ ಇದೆಯೇ?

ಬೆಳಗಾವಿಯಿಂದ

ಇದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರ ನಿಘಂಟು ಉಚಿತವಾಗಿ ಸಿಗುತ್ತದೆ. ಅದು ಬರೀ ಪಠ್ಯದ ಕಡತ, ಪ್ರತಿ ಸಾಲಿನಲ್ಲಿ ಒಂದು ಪದ, ಮುಂದೆ ಅದರ ಧ್ವನಿಗಳು. `cmudict.dict` ಕಡತ ಇಳಿಸಿಕೊಂಡು, ಅದೇ ಫೋಲ್ಡರಿನಲ್ಲಿ ಲಿನಕ್ಸ್ ಟರ್ಮಿನಲ್ ತೆರೆದು ಹೀಗೆ ಟೈಪ್ ಮಾಡಿ:

```
grep -E '^[a-z]+mb(er|ing|ed|s)? ' cmudict.dict | grep -v ' M B'
```

ಮೊದಲ ಭಾಗ ಸ್ಪೆಲಿಂಗ್ ಹಿಡಿಯುತ್ತದೆ, ಎರಡನೆಯದು ಎಂ ಆದ ಮೇಲೆ ಬಿ ಧ್ವನಿ ಇರುವ ಸಾಲುಗಳನ್ನು ಬಿಡುತ್ತದೆ. ಉಳಿದದ್ದೆಲ್ಲ ಮೌನ ಬಿ. ಪ್ಲಮರ್ ಬರುತ್ತದೆ, ಟಿಂಬರ್ ಬರುವುದಿಲ್ಲ. ಎರಡು ಎಚ್ಚರ: ಅದರಲ್ಲಿರುವುದು ಅಮೆರಿಕದ ಉಚ್ಚಾರ, ಮತ್ತು ಊರು, ಮನುಷ್ಯರ ಹೆಸರುಗಳೂ ನಡುವೆ ಬರುತ್ತವೆ, ಅವನ್ನು ಕೈಯಾರೆ ತೆಗೆಯಬೇಕು.

ಇದೇ ಕಡತದಲ್ಲಿ ಈ ಎರಡು ಸಾಲು ನೋಡಿ:

```
singer S IH1 NG ER0
finger F IH1 NG G ER0
```

ಹಾಡುಗಾರನಲ್ಲಿ `G` ಇಲ್ಲ, ಬೆರಳಿನಲ್ಲಿ ಇದೆ. ತುದಿಯ ಬಿಗೆ ಆದದ್ದೇ ಇಲ್ಲಿ ಜಿಗೆ ಆಗಿದೆ. ಆದರೆ ನಾವು ಎರಡನ್ನೂ ಸಿಂಗರ್, ಫಿಂಗರ್ ಎಂದು ಬರೆದು ವ್ಯತ್ಯಾಸವನ್ನು ಮುಚ್ಚಿಬಿಡುತ್ತೇವೆ. ಬಿ ತೆಗೆದಾಗ ಮ್ ಬರೆಯಲು ಅಕ್ಷರ ರೂಢಿಯಲ್ಲಿತ್ತು, ಇಲ್ಲಿ ಅನುಸ್ವಾರದ ಮುಂದಿನ ಗ ತೆಗೆದರೆ ಅನುಸ್ವಾರ ಬೇರೆ ಧ್ವನಿಯಾಗುತ್ತದೆ. ನಮ್ಮ ವರ್ಣಮಾಲೆಯಲ್ಲಿ ಙ ಇದೆಯಲ್ಲ, ‘ಸಿಙರ್’ ಎಂದು ಬರೆದರೆ ಧ್ವನಿ ಕರಾರುವಾಕ್ಕಾಗಿ ಬರುತ್ತದೆ. ಆಗ ನಾನು ಮೇಲೆ ಬರೆದ ‘ಕ್ಲೈಮಿಂಗ್’ ಕೂಡ ‘ಕ್ಲೈಮಿಙ್’ ಆಗಬೇಕು.

ವಿಜಯಪುರದಿಂದ

ಬಾಲದ ವಿಚಾರ ಒಪ್ಪಿದೆ ಸರ್, ಪ್ಲಮರ್ ಇರಲಿ. ಙ ಮಾತ್ರ ಬೇಡ. ಹುಡುಗರು ಅದನ್ನು ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿರುತ್ತಾರೆ, ಪದದಲ್ಲಿ ಕಂಡರೆ ಓದುವುದಿಲ್ಲ. ಮೇಲಾಗಿ ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್ ಕಡೆಯ ಇಂಗ್ಲಿಷರೇ ಸಿಂಗರ್‌ನಲ್ಲಿ ಗ ಉಚ್ಚರಿಸುತ್ತಾರೆ. ಅದನ್ನು ತಪ್ಪೆಂದು ಹೇಗೆ ಹೇಳುವುದು?

ಬೆಳಗಾವಿಯಿಂದ

ತಪ್ಪೆಂದು ಹೇಳುತ್ತಿಲ್ಲ. ಆ ಊರುಗಳಲ್ಲಿ ಗ ಉಳಿದಿದೆ ನಿಜ, ಆದರೆ ಪ್ಲಮರ್‌ಗೆ ಒಂದು ಕಡೆಯ ಉಚ್ಚಾರ, ಸಿಂಗರ್‌ಗೆ ಇನ್ನೊಂದು ಕಡೆಯದು ಎಂದರೆ ಕಾಲಮ್ಮಿಗೆ ಅಳತೆಯೇ ಇಲ್ಲದಂತಾಗುತ್ತದೆ. ಙ ಓದಲು ಬರದಿದ್ದರೆ ಪಟ್ಟಿಯ ಮೊದಲ ಪುಟದಲ್ಲೇ ‘ಅಂಗಳ ಎನ್ನುವಾಗ ಗ ಬರುವ ಮುಂಚೆ ಮೂಗಿನಲ್ಲಿ ನಿಲ್ಲುವ ಧ್ವನಿ’ ಎಂದು ಕೊಟ್ಟರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಬಾಗಲಕೋಟೆಯಿಂದ

ಬಿ ಇರುವ ಪದಗಳನ್ನು ನೀವು ಹೇಳಿದಂತೆ ತಿದ್ದುತ್ತೇವೆ. ಸಿಂಗರ್, ಹ್ಯಾಂಗರ್, ಸ್ಪ್ರಿಂಗ್ ಈ ಮೂರನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇವೆ. ಙ ಹಾಕಿದ ಒಂದು ಪುಟ, ಹಾಕದ ಒಂದು ಪುಟ ಮುದ್ರಿಸಿ ಹುಡುಗರಿಂದ ಓದಿಸಿ ನೋಡುತ್ತೇವೆ. ಬೇರೆ ಯಾರಾದರೂ ಪಾಠದಲ್ಲಿ ಙ ಬಳಸಿದ್ದರೆ ತಿಳಿಸಿ.