ಸಹಾಯ ಬೇಕು: ದೀಪ ಬೆಳಗಿಸುವಾಗ ವಿವರಣೆ ಯಾವಾಗ ಹೇಳಲಿ?

ಎಲ್ಲರಿಗೂ ನಮಸ್ಕಾರ. ಶನಿವಾರ ನಮ್ಮ ಕಾಲೇಜಿನ ವಿಚಾರ ಸಂಕಿರಣದ ಉದ್ಘಾಟನೆ, ನಿರೂಪಣೆ ನನ್ನದು. ಐವರು ಅತಿಥಿಗಳಲ್ಲಿ ಇಬ್ಬರು ಜರ್ಮನಿಯವರು. ದೀಪ ಬೆಳಗಿಸುವುದನ್ನು ಅವರು ನೋಡಿಯೇ ಇಲ್ಲ.

ಮೇಣದಬತ್ತಿಯಿಂದ ಏಕೆ ಹಚ್ಚುತ್ತೇವೆ, ಅದನ್ನು ಪಕ್ಕದವರಿಗೆ ಏಕೆ ದಾಟಿಸುತ್ತೇವೆ, ಎಲ್ಲವನ್ನೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದುಕೊಂಡೆ. ನಿನ್ನೆ ರಿಹರ್ಸಲ್‌ನಲ್ಲಿ ಓದಲು 2 ನಿಮಿಷ ಹಿಡಿಯಿತು. ಬತ್ತಿಯ ತುದಿಗೆ ಕರ್ಪೂರದ ಪುಡಿ ಹಚ್ಚಿದ್ದರಿಂದ ಐದೂ ಬತ್ತಿಗಳು ಮುಕ್ಕಾಲು ನಿಮಿಷದಲ್ಲಿ ಹೊತ್ತಿಕೊಂಡವು. ನಾನಿನ್ನೂ ಎರಡನೇ ಬತ್ತಿಯ ಮಾತಿನಲ್ಲಿದ್ದೆ, ಅಷ್ಟರಲ್ಲಿ ಚಪ್ಪಾಳೆ!

ಮೊದಲೇ ಎಲ್ಲ ಹೇಳಿ ನೋಡಿದೆ. ಉರಿಯುವ ಮೇಣದಬತ್ತಿ ಹಿಡಿದವರು ಸುಮ್ನೆ ನಿಲ್ಲಬೇಕಾಯಿತು, ಮೇಣ ಬೆರಳಿಗೆ ತೊಟ್ಟಿಕ್ಕಿತು. ಹಚ್ಚುವಾಗ ಮಕ್ಕಳು ಶ್ಲೋಕ ಹಾಡುತ್ತಾರೆ, ಅದರ ಮೇಲೆ ಮಾತಾಡಲು ನನಗೆ ಮನಸ್ಸಿಲ್ಲ. ಪಾದರಕ್ಷೆ ಬಿಡುವ ವಿಷಯ ಮಾತ್ರ ಮೈಕಿನಲ್ಲಿ ಬೇಡ, ಮೊದಲೇ ಹತ್ತಿರ ಹೋಗಿ ಹೇಳುತ್ತೇನೆ. ಎಲ್ಲರೆದುರು ಹೇಳಿದರೆ ಅವರಿಗೆ ಮುಜುಗರ ಅಲ್ವಾ?

ನಿರೂಪಣೆ ಮಾಡಿ ಅಭ್ಯಾಸ ಇರುವವರು ಹೇಳಿ: ಅತಿಥಿಗಳು ಕುರ್ಚಿಯಿಂದ ಎದ್ದು ದೀಪದ ಹತ್ತಿರ ಬರುವಷ್ಟರಲ್ಲಿ ಪೂರ್ತಿ ವಿವರಣೆ ಮುಗಿಸಿಬಿಡಲೇ, ಅಥವಾ ಬತ್ತಿಗೊಂದು ಸಾಲು ಇಟ್ಟುಕೊಂಡು ಶ್ಲೋಕವನ್ನು ಕೊನೆಗೆ ಹಾಕಲೇ?